151 ರೂಪಾಯಿ ಊಟಕ್ಕೆ 630ರ ರಿಕ್ವೆಸ್ಟ್

"ಅಕ್ಕ, ನಮಸ್ತೆ. ನಾವು ಪಿಯುಸಿ ಕಾಲದ ಆರು ಜನ ಸ್ನೇಹಿತರು. ಹೋದ ತಿಂಗಳು ತುಮಕೂರಿನ ಬಿ.ಎಚ್. ರಸ್ತೆಯ ಒಂದು ಹೋಟೆಲಿನಲ್ಲಿ ಸೇರಿದ್ದೆವು. ಬಿಲ್ 3,780 ಆಯಿತು. ನಾನೇ ಕಟ್ಟಿದೆ (ನನ್ನ ಕಾರ್ಡಿಗೆ ಶೇ. 10 ಆಫರ್ ಇತ್ತು, ಅದು ಬೇರೆ ವಿಷಯ). ನಮ್ಮಲ್ಲೊಬ್ಬ 'ಲೆಕ್ಕಗಿಕ್ಕ ಬೇಡ, ಸಮಕ್ಕೆ ಹಾಕು' ಅಂದ. ಅಲ್ಲೇ ಕೂತು ಪೇಮೆಂಟ್ ಆ್ಯಪಿನ ಗ್ರೂಪಿನಲ್ಲಿ ಐದೂ ಜನಕ್ಕೆ 630ರ ರಿಕ್ವೆಸ್ಟ್ ಹಾಕಿದೆ. ನಾಲ್ಕು ಜನ ಆವತ್ತೇ ಕಳಿಸಿದರು. ಗುಬ್ಬಿಯ ಗೆಳತಿ ಮಾತ್ರ ಮೂರು ವಾರವಾದರೂ ಕಳಿಸಿಲ್ಲ. ಮೂರು ಸಲ ರಿಮೈಂಡರ್ ಒತ್ತಿದ್ದೇನೆ. ಈಗ ಫೋನ್ ಮಾಡಿದರೆ 'ಕೆಲಸದಲ್ಲಿದ್ದೀನಿ ಕಣೇ' ಅಂತ ಇಟ್ಟುಬಿಡುತ್ತಾಳೆ. ಅವಳು ಡ್ಯೂಟಿ ಮುಗಿಸಿ ತಡವಾಗಿ ಬಂದಳು, ಮೊಸರನ್ನ ಮತ್ತು ನಿಂಬೆ ಸೋಡಾ ತಗೊಂಡಳು, ನಿಜ. ಆದರೆ ಆಗಲೇ ಹೇಳಬಹುದಿತ್ತಲ್ವಾ? 630 ರೂಪಾಯಿಗೆ ಹತ್ತು ವರ್ಷದ ಸ್ನೇಹ ಕೆಡಿಸಿಕೊಳ್ಳಬೇಕಾ?"
— ಹೆಸರು ಬೇಡ, ತುಮಕೂರು

ನಿಮ್ಮ ಪತ್ರದಲ್ಲಿ ನನ್ನ ಕಣ್ಣು ಮೊಸರನ್ನದ ಮೇಲೆ ನಿಲ್ಲಲಿಲ್ಲ. ಕಂಸದೊಳಗೆ ಹಾಕಿ "ಅದು ಬೇರೆ ವಿಷಯ" ಅಂದಿರಲ್ಲ, ಅಲ್ಲಿ ನಿಂತಿತು. ಅದು ಬೇರೆ ವಿಷಯ ಅಲ್ಲ. ವಿಷಯವೇ ಅದು.

ಪೆನ್ನು ತಗೊಳ್ಳಿ. 3,780ಕ್ಕೆ ಶೇ. 10 ಅಂದರೆ 378 ಕಡಿಮೆ. ನಿಮ್ಮ ಕಾರ್ಡಿನಿಂದ ಹೋಗಿದ್ದು 3,402. ನೀವು ಹಂಚಿದ್ದು ಮಾತ್ರ 3,780. ಐದು ಜನವೂ ನೀವು ಕೇಳಿದಷ್ಟೇ ಕೊಟ್ಟರೆ ನಿಮಗೆ ಬರುವುದು 3,150. ಹಾಗಾದರೆ ನಿಮ್ಮ ಊಟಕ್ಕೆ ನೀವು ಕೊಟ್ಟದ್ದೆಷ್ಟು? 252 ರೂಪಾಯಿ. ಹೊಟ್ಟೆ ತುಂಬ ಊಟ ಮಾಡಿದ ನಿಮಗೆ 252, ಮೊಸರನ್ನ ತಿಂದವಳಿಗೆ 630.

ಬೇಕಂತ ಮಾಡಿದಿರಿ ಅಂತ ನಾನು ಹೇಳುತ್ತಿಲ್ಲ. ಕೈಯಲ್ಲಿ ಬಿಲ್ ಇತ್ತು, ಅದರ ಕೆಳಗಿನ ದಪ್ಪ ಅಂಕಿ ಆ್ಯಪಿಗೆ ಹೋಯಿತು. ಆ್ಯಪಿಗೆ ಬಿಲ್ ಗೊತ್ತಿಲ್ಲ, ಆಫರೂ ಗೊತ್ತಿಲ್ಲ. ನೀವು ಕೊಟ್ಟ ಅಂಕಿಯನ್ನು ನೀವು ಕೊಟ್ಟ ತಲೆಗಳಿಗೆ ಭಾಗಿಸುತ್ತದೆ, ಅಷ್ಟೇ. ಹಂಚುವಾಗ ನೋಡಬೇಕಾದ್ದು ಹೋಟೆಲಿನ ಬಿಲ್ ಅಲ್ಲ, ದುಡ್ಡು ಕಟ್ಟಿದ ಮೇಲೆ ಬ್ಯಾಂಕಿನಿಂದ ಬರುವ ಮೆಸೇಜು. ನಾನು ಇದನ್ನು ಹೇಳುವುದು ಮೊದಲ ಸಲವಲ್ಲ, ಇನ್ನೂ ಹೇಳುತ್ತಲೇ ಇರುತ್ತೇನೆ.

"ನನ್ನ ಕಾರ್ಡು, ನನ್ನ ಆಫರು" ಅಂತ ನೀವು ಅನ್ನಬಹುದು. ತಿಂಗಳ ಕೊನೆಗೆ ಕಾರ್ಡಿಗೆ ಪಾಯಿಂಟ್ ಬಂದರೆ ಅದು ನಿಮ್ಮದು, ಇಟ್ಟುಕೊಳ್ಳಿ. ಆದರೆ ಬಿಲ್ ಕಟ್ಟುವಾಗಲೇ ಕಡಿಮೆಯಾದ ದುಡ್ಡು ಊಟದ ಬೆಲೆಯೇ ಕಡಿಮೆಯಾದ ಹಾಗೆ. ಕಟ್ಟದೇ ಇದ್ದ ದುಡ್ಡನ್ನು ವಾಪಸ್ ಕೇಳುವುದು ಹೇಗೆ?

ಈಗ ಗುಬ್ಬಿಯ ಗೆಳತಿಯ ಲೆಕ್ಕಕ್ಕೆ ಬರೋಣ. ಮೊಸರನ್ನ, ನಿಂಬೆ ಸೋಡಾದ ಬೆಲೆ ನೀವು ಬರೆದಿಲ್ಲ. ನಾನು 110 ಮತ್ತು 50 ಅಂದುಕೊಳ್ಳುತ್ತೇನೆ, ನಿಮ್ಮ ಬಿಲ್ಲಿನಲ್ಲಿ ಬೇರೆ ಇದ್ದರೆ ಅದನ್ನೇ ಹಾಕಿಕೊಳ್ಳಿ. ಒಟ್ಟು 160. ಬಿಲ್ಲಿನ ತಳದಲ್ಲಿ ಸಿಜಿಎಸ್‌ಟಿ 2.5, ಎಸ್‌ಜಿಎಸ್‌ಟಿ 2.5 ಅಂತ ಎರಡು ಸಾಲು ಇರುತ್ತದೆ ನೋಡಿ, ಎರಡೂ ಸೇರಿ ಶೇ. 5. ನಿಮ್ಮ ಬಿಲ್ಲಿನಲ್ಲಿ ತಿಂಡಿತೀರ್ಥದ ಬೆಲೆ 3,600, ತೆರಿಗೆ 180. ಅವಳ 160ಕ್ಕೆ ತೆರಿಗೆ 8 ರೂಪಾಯಿ, 168 ಆಯಿತು. ಅದರಲ್ಲಿ ಶೇ. 10 ಆಫರ್ ಕಳೆದರೆ 151 ರೂಪಾಯಿ 20 ಪೈಸೆ. ಪೈಸೆ ಬಿಡಿ. ಅವಳು ಕೊಡಬೇಕಾದ್ದು 151.

ಇನ್ನು ಉಳಿದ 3,251ನ್ನು ನೀವು ಐದು ಜನ ಸಮಕ್ಕೆ ಹಂಚಿಕೊಂಡಿದ್ದರೆ ತಲೆಗೆ 650. ಇಲ್ಲಿ ಸ್ವಲ್ಪ ನಿಧಾನವಾಗಿ ನೋಡಿ. ಆ ನಾಲ್ಕು ಜನ ಕೊಟ್ಟಿದ್ದು 630. ಅವರಿಗೆ ಜಾಸ್ತಿಯಾಗಲಿಲ್ಲ, ತಲೆಗೆ 20 ರೂಪಾಯಿ ಉಳಿಯಿತು. ನಿಮಗೆ 650ರ ಬದಲು 252, ಅಂದರೆ 398 ಉಳಿಯುತ್ತಿತ್ತು. ಇದೆಲ್ಲ ಸೇರಿದರೆ ಹತ್ತಿರ ಹತ್ತಿರ 479. ಅವಳಿಂದ ಜಾಸ್ತಿ ಕೇಳಿದ್ದೂ ಅಷ್ಟೇ: 630ರಲ್ಲಿ 151 ಕಳೆಯಿರಿ. ಐದು ಜನರ ಉಳಿತಾಯವನ್ನು ಒಬ್ಬಳ ತಲೆಗೆ ಕಟ್ಟಿದ್ದೀರಿ. ಅದೂ ಡ್ಯೂಟಿ ಮುಗಿಸಿ ಗುಬ್ಬಿಯಿಂದ ಬಸ್ಸು ಹಿಡಿದು ಬಂದವಳ ತಲೆಗೆ.

ಆಗಲೇ ಹೇಳಬಹುದಿತ್ತಲ್ವಾ ಅಂತ ಕೇಳಿದ್ದೀರಿ. ಹೇಗೆ ಹೇಳಬೇಕಿತ್ತು? ಐದು ಜನ ಎಲೆ ಅಡಿಕೆ ಹಾಕಿಕೊಂಡು ನಗುತ್ತಾ ಕೂತಿರುವಾಗ ಕೊನೆಗೆ ಬಂದವಳು "ನಂದು ಬರೀ ಮೊಸರನ್ನ" ಅನ್ನಬೇಕಿತ್ತಾ? ಅಂದಿದ್ದರೆ ಜಿಪುಣಿ ಅನ್ನಿಸಿಕೊಳ್ಳುತ್ತಿದ್ದಳು. ಅದನ್ನು ಹೇಳಬೇಕಾದವರು ಫೋನ್ ಹಿಡಿದಿದ್ದ ನೀವು.

ಆದರೂ ನನ್ನ ಸಿಟ್ಟು ಜಾಸ್ತಿ ಇರುವುದು ನಿಮ್ಮ ಮೇಲಲ್ಲ. "ಸಮಕ್ಕೆ ಹಾಕು" ಅಂದನಲ್ಲ, ಆ ಮಹಾನುಭಾವನ ಮೇಲೆ. ಎಲ್ಲ ಗುಂಪಿನಲ್ಲೂ ಇಂಥವನೊಬ್ಬ ಇರುತ್ತಾನೆ. ಸಮಪಾಲು ಅಂತ ಮೊದಲು ಬಾಯಿ ಬಿಡುವವನ ತಟ್ಟೆ ಒಮ್ಮೆ ನೋಡಿ. ಅಲ್ಲಿ ಬಿರಿಯಾನಿ ಇರುತ್ತದೆ, ಪಕ್ಕದಲ್ಲಿ ಕಬಾಬಿನ ಖಾಲಿ ಪ್ಲೇಟು ಇರುತ್ತದೆ. ಬರೀ ಮೊಸರನ್ನ ತಿಂದವನು ಸಮಪಾಲು ಕೇಳಿದ್ದನ್ನು ನನ್ನ ಇಷ್ಟು ವರ್ಷದಲ್ಲಿ ನಾನು ನೋಡಿಲ್ಲ. ನಿಮ್ಮವನು ಏನು ತಿಂದ ಅಂತ ನೀವು ಬರೆದಿಲ್ಲ. ನನಗೆ ಅನುಮಾನ ಇದೆ.

ಇನ್ನು ಆ ರಿಕ್ವೆಸ್ಟು ಮತ್ತು ರಿಮೈಂಡರು. ಇಲ್ಲಿ ನಿಮಗೆ ಒಂದು ವಿಷಯ ಗೊತ್ತಿಲ್ಲ ಅನ್ನಿಸುತ್ತದೆ. ಮೊದಲೆಲ್ಲ ಯುಪಿಐನಲ್ಲಿ ಒಬ್ಬರು ಇನ್ನೊಬ್ಬರಿಗೆ ನಿಜವಾದ ಕಲೆಕ್ಟ್ ರಿಕ್ವೆಸ್ಟ್ ಕಳಿಸಬಹುದಿತ್ತು. ಎದುರಿನವರ ಫೋನಿಗೆ ಬರುತ್ತಿತ್ತು, ಒಪ್ಪಿ ಪಿನ್ ಒತ್ತಿದರೆ ದುಡ್ಡು ಹೋಗುತ್ತಿತ್ತು. ಒಂದು ಸಲಕ್ಕೆ 2,000 ರೂಪಾಯಿ ಮಿತಿ. ಇದನ್ನೇ ಮೋಸಗಾರರು ಹಿಡಿದುಕೊಂಡರು. ನಮ್ಮ ಕೋಲಾರದ ಚಿಕ್ಕಪ್ಪ ಹಳೇ ಮಂಚ ಮಾರಲು ಹೊರಟಿದ್ದರು. ಕೊಳ್ಳುವವನು "ಅಡ್ವಾನ್ಸ್ ಕಳಿಸಿದ್ದೀನಿ, ಪಿನ್ ಹಾಕಿ ತಗೊಳ್ಳಿ" ಅಂದ. ಬಂದಿದ್ದು 1,900ರ ರಿಕ್ವೆಸ್ಟ್. ಚಿಕ್ಕಪ್ಪ ಪಿನ್ ಹಾಕಿದರು. ಮಂಚ ಇನ್ನೂ ಜಗಲಿಯಲ್ಲೇ ಇದೆ, 1,900 ಇಲ್ಲ. ದುಡ್ಡು ಬರಲು ಪಿನ್ ಬೇಕಿಲ್ಲ, ಹೋಗಲು ಮಾತ್ರ ಬೇಕು. ಆ ಒಂದು ಮಾತು ಅವರಿಗೆ ಯಾರೂ ಹೇಳಿರಲಿಲ್ಲ.

ಇಂಥ ಮೋಸ ತಡೆಯಲು, ಯುಪಿಐ ನಡೆಸುವ ಸಂಸ್ಥೆಯಾದ ಎನ್‌ಪಿಸಿಐ 2025ರ ಅಕ್ಟೋಬರ್‌ನಿಂದ ವ್ಯಕ್ತಿಯಿಂದ ವ್ಯಕ್ತಿಗೆ ಹೋಗುವ ಕಲೆಕ್ಟ್ ರಿಕ್ವೆಸ್ಟನ್ನು ನಿಲ್ಲಿಸಿತು. ಹಾಗಾಗಿ ಈಗ ಗ್ರೂಪಿನಲ್ಲಿ ನೀವು ಹಾಕುವ ಪಾಲು ಬ್ಯಾಂಕಿನವರೆಗೆ ಹೋಗುವ ಬೇಡಿಕೆ ಅಲ್ಲ. ಗೋಡೆಗೆ ಅಂಟಿಸಿದ ಚೀಟಿ ಇದ್ದ ಹಾಗೆ. ಅವಳೇ ತಾನಾಗಿ ನಿಮಗೆ ದುಡ್ಡು ಕಳಿಸಬೇಕು. ಚೀಟಿಗೆ ನಿಜ ಸಂಗತಿ ಗೊತ್ತಿರುವುದೂ ಇಲ್ಲ. ನಾಳೆ ಅವಳು ನಗದು ಕೊಟ್ಟರೂ, ಬೇರೆ ಆ್ಯಪಿನಿಂದ ಕಳಿಸಿದರೂ ಅಲ್ಲಿ "ಬಾಕಿ" ಅಂತಲೇ ಉಳಿಯಬಹುದು, ನೀವೇ ಅಳಿಸಬೇಕು. ಮತ್ತೆ ಅದು ಗ್ರೂಪಿನ ಗೋಡೆ. ನಾಲ್ಕು ಹೆಸರಿನ ಪಕ್ಕ ಕೊಟ್ಟ ಗುರುತು, ಅವಳ ಹೆಸರಿನ ಪಕ್ಕ ಮಾತ್ರ ಬಾಕಿ. ಮೂರು ವಾರದಿಂದ ಐದು ಜನ ಅದನ್ನು ನೋಡುತ್ತಿದ್ದಾರೆ. ನೀವು ಸುಮ್ನೆ ಒಂದು ಬಟನ್ ಒತ್ತಿದಿರಿ. ಅವಳಿಗೆ ಅದು ಸಾಲ ಕೊಟ್ಟವನು ಮನೆ ಬಾಗಿಲಿಗೆ ಮೂರು ಸಲ ಬಂದು ಹೋದ ಹಾಗೆ ಆಗಿರುತ್ತದೆ.

ಈಗ ಮಾಡಬೇಕಾದ್ದು ಒಂದೇ. ಇವತ್ತು ಸಂಜೆ ಆ 630ನ್ನು ಅಳಿಸಿ, ಅವಳ ಡ್ಯೂಟಿ ಮುಗಿದ ಮೇಲೆ ಫೋನ್ ಮಾಡಿ. "ನಾನು ಲೆಕ್ಕ ತಪ್ಪು ಹಾಕಿದ್ದೆ ಕಣೇ, ಆಫರ್ ಕಳೆಯೋದೇ ಮರೆತಿದ್ದೆ. ನಿಂದು 151 ಅಷ್ಟೇ" ಅನ್ನಿ. ಗ್ರೂಪಿನಲ್ಲೂ ಒಂದು ಸಾಲು ಬರೆಯಿರಿ, ತಪ್ಪು ನಿಮ್ಮದು ಅಂತ. ಹೊಸ ರಿಕ್ವೆಸ್ಟ್ ಹಾಕಬೇಡಿ. "ಹೋಗಲಿ ಬಿಡು, ಕೊಡೋದೇ ಬೇಡ" ಅಂತಲೂ ಅನ್ನಬೇಡಿ. ಅವಳು ದಾನ ಕೇಳಿಲ್ಲ, ತಿಂದಿದ್ದಕ್ಕೆ ಕೊಡುವವಳು.

ಅವಳು 151 ಕೊಟ್ಟರೆ ನಿಮ್ಮ ಪಾಲು 731 ಆಗುತ್ತದೆ. 650ಕ್ಕಿಂತ 81 ಜಾಸ್ತಿ. ಅದಕ್ಕಾಗಿ ಉಳಿದ ನಾಲ್ವರಿಗೆ ಇಪ್ಪತ್ತಿಪ್ಪತ್ತು ರೂಪಾಯಿಯ ರಿಕ್ವೆಸ್ಟ್ ಹಾಕಲು ಹೋಗಬೇಡಿ, ದಯವಿಟ್ಟು. ಆ ಸಮಪಾಲಿನ ಮಹಾನುಭಾವನಿಂದ ಮಾತ್ರ ಒಂದು ದಿನ ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ ಕೊಡಿಸಿಕೊಳ್ಳಿ. ಗುಬ್ಬಿಯವಳನ್ನೂ ಕರೆದುಕೊಂಡು ಹೋಗಿ. ಬಿಲ್ ಅವನ ಕೈಗೇ ಕೊಡಿ.