ಮಾರಾಟ ಏರಿ ಲಾಭ ಇಳಿದಾಗ ಮೂರು ತಿಂಗಳ ಲೆಕ್ಕಕ್ಕೆ ವಿವರಣೆ ಬರೆಯುವುದು ಹೇಗೆ?

ಪ್ರಶ್ನೆ: ಕಾರಟಗಿ ಹತ್ತಿರದ ಒಂದು ರೈಸ್ ಮಿಲ್ಲಿನಲ್ಲಿ ಅಕೌಂಟೆಂಟ್ ಆಗಿದ್ದೇನೆ. ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಮಾರಾಟ ಬಜೆಟ್ಟಿಗಿಂತ 1.45 ಕೋಟಿ ಜಾಸ್ತಿ, ಆದರೆ ಲಾಭ 40 ಲಕ್ಷದ ಬದಲು 26.30 ಲಕ್ಷ. ಬಜೆಟ್ಟಿನಲ್ಲಿ 50,000 ಕ್ವಿಂಟಾಲ್ ನೆಲ್ಲು, ಕ್ವಿಂಟಾಲಿಗೆ 62 ಕೆಜಿ ಅಕ್ಕಿ, ಅಕ್ಕಿ ಕೆಜಿಗೆ 44, ನುಚ್ಚು 22, ನೆಲ್ಲು ಕ್ವಿಂಟಾಲಿಗೆ 2,700 ಎಂದಿತ್ತು. ಕರೆಂಟು, ಕೂಲಿ, ಚೀಲ ಕಳೆದು ಕ್ವಿಂಟಾಲಿಗೆ 200 ಉಳಿಯಬೇಕಿತ್ತು. ಆಗಿದ್ದು 55,000 ಕ್ವಿಂಟಾಲ್, 60 ಕೆಜಿ, 44.50, ನೆಲ್ಲು 2,720. ರಿಪೇರಿಗೆ 5 ಲಕ್ಷ ಹೆಚ್ಚು ಹೋಗಿದೆ. ಉಳಿದದ್ದೆಲ್ಲ ಬಜೆಟ್ ಪ್ರಕಾರವೇ ಇದೆ. "ಖರ್ಚು ಹೆಚ್ಚಾದ್ದರಿಂದ ಲಾಭ ಕಡಿಮೆಯಾಗಿದೆ" ಅಂತ ಬರೆದಿದ್ದೆ, ಸಾವ್ಕಾರ್ರು ವಾಪಸ್ ಕೊಟ್ಟರು. ಪಾಲುದಾರರಿಗೆ, ಬ್ಯಾಂಕಿಗೆ ಅರ್ಥವಾಗುವಂತೆ ಹೇಗೆ ಬರೀಲಿ?

ಉತ್ತರ: ಸಾವ್ಕಾರ್ರು ವಾಪಸ್ ಕೊಟ್ಟದ್ದು ಸರಿಯೇ. ಲಾಭ-ನಷ್ಟ ಪಟ್ಟಿಯ ಒಂದೊಂದು ಸಾಲನ್ನೂ ಬಜೆಟ್ಟಿನ ಪಕ್ಕ ಇಟ್ಟು ವಿವರಿಸಲು ಹೋದರೆ ಓದುವವರಿಗೆ ದಿಕ್ಕು ತಪ್ಪುತ್ತದೆ. ನಿಮ್ಮ ನೆಲ್ಲು ಖರೀದಿ ಸಾಲನ್ನೇ ನೋಡಿ. ಬಜೆಟ್ 13.50 ಕೋಟಿ, ಆಗಿದ್ದು 14.96 ಕೋಟಿ. 1.46 ಕೋಟಿ ಹೆಚ್ಚು ಎಂದರೆ ಯಾರಿಗಾದರೂ ಗಾಬರಿಯಾಗುತ್ತದೆ. ಆದರೆ ಅದರಲ್ಲಿ 1.35 ಕೋಟಿ ಬರೀ 5,000 ಕ್ವಿಂಟಾಲ್ ಹೆಚ್ಚು ಆಡಿಸಿದ್ದಕ್ಕೆ ಹೋದದ್ದು, ಅದರಿಂದ ಅಕ್ಕಿಯೂ ಬಂದಿದೆ. ದರ ಏರಿದ್ದಕ್ಕೆ ಹೋದದ್ದು 11 ಲಕ್ಷ ಮಾತ್ರ.

ಆದ್ದರಿಂದ ಮೊದಲು ಬಜೆಟ್ಟನ್ನೇ 55,000 ಕ್ವಿಂಟಾಲಿಗೆ ಏರಿಸಿಕೊಳ್ಳಿ. ಬಜೆಟ್ಟಿನಲ್ಲಿ 50,000 ಕ್ವಿಂಟಾಲಿಗೆ 1 ಕೋಟಿ ಉಳಿದು ಲಾಭ 40 ಲಕ್ಷ ಎಂದರೆ ಸ್ಥಿರ ಖರ್ಚು 60 ಲಕ್ಷ. ಈಗ ಕ್ವಿಂಟಾಲಿಗೆ 200ರಂತೆ 1.10 ಕೋಟಿ, ಅದರಲ್ಲಿ ಆ 60 ಲಕ್ಷ ಕಳೆದರೆ 50 ಲಕ್ಷ. ಅಂದರೆ ಇಷ್ಟು ನೆಲ್ಲು ಆಡಿಸಿದ ಮಿಲ್ಲಿಗೆ 50 ಲಕ್ಷ ಲಾಭ ಬರಬೇಕಿತ್ತು. ನಿಜವಾದ ಕೊರತೆ 13.70 ಲಕ್ಷವಲ್ಲ, 23.70 ಲಕ್ಷ. ಹೆಚ್ಚು ಆಡಿಸಿದ್ದರಿಂದ ಬಂದ 10 ಲಕ್ಷ ಅದನ್ನು ಮುಚ್ಚಿಟ್ಟಿದೆ. ವಿವರಣೆಯಲ್ಲಿ ಮೊದಲು ಹೇಳಬೇಕಾದ ಮಾತು ಇದೇ. ಇದನ್ನು ಬಿಟ್ಟರೆ ಮುಂದಿನ ತ್ರೈಮಾಸಿಕದಲ್ಲಿ ಆವಕ ಕಡಿಮೆಯಾದಾಗ ಕೊರತೆ ಒಮ್ಮೆಲೇ ದೊಡ್ಡದಾಗಿ ಕಾಣುತ್ತದೆ, ಆಗ ಯಾರೂ ನಂಬುವುದಿಲ್ಲ.

ಆ 23.70 ಲಕ್ಷದಲ್ಲಿ ದೊಡ್ಡದು ಇಳುವರಿ. ಕ್ವಿಂಟಾಲಿಗೆ 2 ಕೆಜಿ ಇಡೀ ಅಕ್ಕಿ ಹೋಗಿ ನುಚ್ಚಾಯಿತು. 44ಕ್ಕೆ ಹೋಗಬೇಕಾದದ್ದು 22ಕ್ಕೆ ಹೋಯಿತು. ಕೆಜಿಗೆ 22ರಂತೆ ಕ್ವಿಂಟಾಲಿಗೆ 44 ರೂಪಾಯಿ, 55,000 ಕ್ವಿಂಟಾಲಿಗೆ 24.20 ಲಕ್ಷ. ಅಕ್ಕಿಗೆ ಐವತ್ತು ಪೈಸೆ ಹೆಚ್ಚು ಸಿಕ್ಕಿದ್ದರಿಂದ 16.50 ಲಕ್ಷ ಬಂತು. ನೆಲ್ಲಿನ ದರಕ್ಕೆ 11 ಲಕ್ಷ, ರಿಪೇರಿಗೆ 5 ಲಕ್ಷ ಹೋಯಿತು. ಕೂಡಿ ಕಳೆದು ನೋಡಿ, ಸರಿಯಾಗಿ 23.70 ಬರುತ್ತದೆ. ಹೀಗೆ ಕೊನೆಯ ರೂಪಾಯಿವರೆಗೆ ಕೂಡದಿದ್ದರೆ ವಿವರಣೆ ಬರೆಯಲು ಕೂರಬೇಡಿ, ಏಕೆಂದರೆ ಉಳಿದ ಮೊತ್ತಕ್ಕೆ "ಇತರೆ ಕಾರಣ" ಎಂದು ಬರೆಯಬೇಕಾಗುತ್ತದೆ, ಬ್ಯಾಂಕಿನವರು ಮೊದಲು ಬೆರಳಿಡುವುದೂ ಅಲ್ಲೇ.

ಇಷ್ಟಾದರೂ ಮೊತ್ತ ಸಿಕ್ಕಿತೇ ಹೊರತು ಕಾರಣ ಸಿಗಲಿಲ್ಲ. "ಇಳುವರಿ ಕಡಿಮೆ" ಎಂದರೆ ಏನಾಯಿತು ಎಂದಷ್ಟೇ ಆಯಿತು. ಕಾರಣಕ್ಕೆ ಮಿಲ್ಲಿನೊಳಗೆ ಹೋಗಬೇಕು. ಮೊದಲು ನುಚ್ಚಿನ ತೂಕ ನೋಡಿ. ಅಕ್ಕಿಯಲ್ಲಿ ಹೋದ 2 ಕೆಜಿ ನುಚ್ಚಿನಲ್ಲಿ ಬಂದಿದ್ದರೆ ಅದು ಒಡೆತ. ನಿಮ್ಮ ಲೆಕ್ಕ ಕೂಡುತ್ತಿರುವುದರಿಂದ ಇಲ್ಲಿ ಆಗಿರುವುದು ಅದೇ. ನುಚ್ಚು ಹೆಚ್ಚದೆ ಅಕ್ಕಿ ಮಾತ್ರ ಇಳಿದಿದ್ದರೆ ಒಣಗಿ ಹೋದ ತೂಕವನ್ನು ಅನುಮಾನಿಸಬೇಕಿತ್ತು. 18 ಪರ್ಸೆಂಟ್ ತೇವದ ನೆಲ್ಲು 14ಕ್ಕೆ ಒಣಗಿದರೆ ಪ್ರತಿ ಕ್ವಿಂಟಾಲಿಗೆ ನಾಲ್ಕೂವರೆ ಕೆಜಿಗಿಂತ ಹೆಚ್ಚು ತೂಕ ನೀರಾಗಿ ಹೋಗುತ್ತದೆ. ಗೇಟಿನ ವೇಬ್ರಿಡ್ಜ್ ತೂಕದ ಮೇಲೆ ಇಳುವರಿ ತೆಗೆಯುವ ಮಿಲ್ಲುಗಳಲ್ಲಿ ಈ ನೀರು ಇಳುವರಿಯ ನಷ್ಟದ ವೇಷದಲ್ಲಿ ಬರುತ್ತದೆ. ಅದೂ ಅಲ್ಲದಿದ್ದರೆ ಮಾಲು ಎಲ್ಲಿ ಹೋಯಿತೆಂದು ಗೋದಾಮಿನಲ್ಲೇ ಹುಡುಕಬೇಕು.

ಒಡೆತಕ್ಕೂ ಎರಡು ಮುಖ್ಯ ಕಾರಣಗಳಿವೆ. ಕೊಯ್ಲಿನಲ್ಲಿ ಮಳೆ ಸಿಕ್ಕು ತೇವದ ನೆಲ್ಲು ಬಂದು, ಅದನ್ನು ಅವಸರದಲ್ಲಿ ಜೋರು ಬಿಸಿಗೆ ಒಣಗಿಸಿದರೆ ಕಾಳಿನೊಳಗೆ ಬಿರುಕು ಬೀಳುತ್ತದೆ, ಪಾಲಿಶ್ ಆಗುವಾಗ ಒಡೆಯುತ್ತದೆ. ಇಲ್ಲವೇ ರಬ್ಬರ್ ರೋಲ್ ಸವೆದು, ಸಿಪ್ಪೆ ಬಿಡಿಸಲು ಒತ್ತಡ ಹೆಚ್ಚಿಸಿರುತ್ತಾರೆ. ಯಾವುದೆಂದು ತಿಳಿಯಲು ತೇವದ ರಿಜಿಸ್ಟರಿನ ಪಕ್ಕ ಲಾಟ್‌ವಾರು ಇಳುವರಿ ಬರೆದುಕೊಳ್ಳಿ. ತೇವದ ಲಾಟುಗಳಲ್ಲಿ ಮಾತ್ರ ಇಳಿದಿದ್ದರೆ ನೆಲ್ಲು ಕಾರಣ. ಒಣ ಲಾಟುಗಳಲ್ಲೂ ವಾರದಿಂದ ವಾರಕ್ಕೆ ಇಳಿಯುತ್ತಾ ಬಂದು, ರೋಲ್ ಬದಲಿಸಿದ ಮೇಲೆ ಏರಿದ್ದರೆ ಮಶೀನು. ಮಿಲ್ ಆಪರೇಟರ್ ಜೊತೆ ಅರ್ಧ ಗಂಟೆ ಕೂತರೆ ಇದು ಗೊತ್ತಾಗುತ್ತದೆ. ಪಾಲುದಾರರಿಗೆ ಈ ವ್ಯತ್ಯಾಸವೇ ಮುಖ್ಯ: ಮೊದಲನೆಯದಕ್ಕೆ ಖರೀದಿಯಲ್ಲಿ ತೇವದ ಕಡಿತ ಬಿಗಿ ಮಾಡಬೇಕು, ಎರಡನೆಯದಕ್ಕೆ ರೋಲ್ ಕೊಳ್ಳಬೇಕು.

ತೇವವೇ ಕಾರಣ ಎಂದು ಖಾತ್ರಿಯಾದರೆ, ನಾನು ಹೀಗೆ ಬರೆಯುತ್ತೇನೆ:

"ಈ ತ್ರೈಮಾಸಿಕದಲ್ಲಿ ಲಾಭ 26.30 ಲಕ್ಷ, ಬಜೆಟ್ಟಿಗಿಂತ 13.70 ಲಕ್ಷ ಕಡಿಮೆ. 5,000 ಕ್ವಿಂಟಾಲ್ ಹೆಚ್ಚು ನೆಲ್ಲು ಆಡಿಸಿದ್ದರಿಂದ 10 ಲಕ್ಷ, ಅಕ್ಕಿಗೆ ಉತ್ತಮ ದರ ಸಿಕ್ಕಿದ್ದರಿಂದ 16.50 ಲಕ್ಷ ಹೆಚ್ಚು ಬಂದಿದೆ. ತೇವದ ನೆಲ್ಲಿನಲ್ಲಿ ನುಚ್ಚು ಹೆಚ್ಚಾಗಿ 24.20 ಲಕ್ಷ, ನೆಲ್ಲಿನ ದರ ಕ್ವಿಂಟಾಲಿಗೆ 20 ರೂಪಾಯಿ ಏರಿ 11 ಲಕ್ಷ ಹೋಗಿದೆ. ಜನವರಿಗೆ ಇಟ್ಟಿದ್ದ ರಿಪೇರಿಯನ್ನು ಡಿಸೆಂಬರ್‌ನಲ್ಲೇ ಮಾಡಿಸಿದ್ದರಿಂದ 5 ಲಕ್ಷ ಹೆಚ್ಚು ಖರ್ಚಾಗಿದೆ. ಮುಂದಿನ ತ್ರೈಮಾಸಿಕದಲ್ಲಿ ಅಷ್ಟು ಖರ್ಚು ಕಡಿಮೆಯಾಗುತ್ತದೆ. ನುಚ್ಚಿನ ನಷ್ಟ ಮರಳಿ ಬರುವುದಿಲ್ಲ."

ರಿಪೇರಿಯ ಸಾಲನ್ನು ಹಾಗೆ ಬರೆಯುವುದು ಅದು ನಿಜವಾಗಿ ಜನವರಿಯ ಬಜೆಟ್ಟಿನಲ್ಲಿ ಇದ್ದರೆ ಮಾತ್ರ. ಆಕಸ್ಮಿಕವಾಗಿ ಮಶೀನು ಕೆಟ್ಟಿದ್ದರೆ ಹಾಗೆಂದೇ ಹೇಳಿ. ಇನ್ನು ನೆಲ್ಲಿನ ದರದ ಕಥೆ ಡಿಸೆಂಬರ್ 31ಕ್ಕೆ ಮುಗಿಯುವುದಿಲ್ಲ. ಗೋದಾಮಿನಲ್ಲಿ 2,720ರ ನೆಲ್ಲು 30,000 ಕ್ವಿಂಟಾಲ್ ಉಳಿದಿದ್ದರೆ, ಅದನ್ನು ಆಡಿಸುವಾಗ ಇನ್ನೂ 6 ಲಕ್ಷ ಬಜೆಟ್ ಮೀರುತ್ತದೆ. ಇದನ್ನು ಈಗಲೇ ಒಂದು ಸಾಲಿನಲ್ಲಿ ತಿಳಿಸಿಬಿಡಿ.

ಬರೆಯುವ ಮೊದಲು ಎರಡು ವಿಷಯ ಪರೀಕ್ಷಿಸಿ. ವರ್ಷದ ಬಜೆಟ್ಟನ್ನು ನಾಲ್ಕರಿಂದ ಭಾಗಿಸಿದ್ದರೆ ಈ ಅಂತರಗಳಿಗೆ ಅರ್ಥವೇ ಇಲ್ಲ, ತುಂಗಭದ್ರಾ ಎಡದಂಡೆಯ ಮುಂಗಾರಿನ ನೆಲ್ಲು ನವೆಂಬರ್-ಡಿಸೆಂಬರ್‌ನಲ್ಲೇ ಮಾರುಕಟ್ಟೆಗೆ ನುಗ್ಗುತ್ತದೆ. ಎರಡನೆಯದು, ಉಳಿದ ದಾಸ್ತಾನನ್ನು ಕೊಂಡ ದರಕ್ಕೆ ಹಾಕಿದ್ದೀರಾ ಎಂಬುದು. ಮಾರುಕಟ್ಟೆ ಏರಿದೆ ಎಂದು ಕ್ವಿಂಟಾಲಿಗೆ 50 ರೂಪಾಯಿ ಮೇಲೆ ಹಾಕಿದ್ದರೆ, 30,000 ಕ್ವಿಂಟಾಲಿಗೆ 15 ಲಕ್ಷ ಇನ್ನೂ ಗಳಿಸದ ಲಾಭ ಲೆಕ್ಕದೊಳಗೆ ಬಂದಿರುತ್ತದೆ, ಮೇಲಿನ ವಿವರಣೆಯನ್ನೆಲ್ಲ ಮೊದಲಿಂದ ಬರೆಯಬೇಕಾಗುತ್ತದೆ.