ಜ್ವರ ಬಿಟ್ಟ ಮೇಲೆ ದದ್ದು: ದಡಾರವೇ?

ಹತ್ತು ತಿಂಗಳ ಮಗುವಿಗೆ 3 ದಿನ ಜೋರು ಜ್ವರವಿತ್ತು. ಈಗ ಜ್ವರ ಬಿಟ್ಟಿದೆ, ಆದರೆ ಮೈಮೇಲೆ ಕೆಂಪು ದದ್ದು. ದಡಾರ ಇರಬಹುದಾ?

ರೋಸಿಯೋಲಾ ಎಂಬ ವೈರಸ್ ಸೋಂಕು ಇರುವ ಸಾಧ್ಯತೆ ಜಾಸ್ತಿ. ಅದರಲ್ಲಿ ಜ್ವರ ಇಳಿದ ಮೇಲೆಯೇ ಎದೆ, ಬೆನ್ನಿನ ಮೇಲೆ ದದ್ದು ಏಳುತ್ತದೆ. ಮಗು ಆಗಲೇ ಆಟಕ್ಕೆ ಇಳಿದಿರುತ್ತದೆ.

ದಡಾರದಲ್ಲಿ ಇದು ಉಲ್ಟಾ. ಮೊದಲು ಜ್ವರದ ಜೊತೆ ಕೆಮ್ಮು, ನೆಗಡಿ, ಕೆಂಪು ಕಣ್ಣು. ಆಮೇಲೆ ಕಿವಿಯ ಹಿಂದೆ, ಮುಖದಲ್ಲಿ ದದ್ದು ಶುರುವಾಗಿ ಕೆಳಗಿಳಿಯುತ್ತದೆ. ಆ ಹೊತ್ತಿಗೆ ಜ್ವರ ಇನ್ನೂ ಏರುತ್ತದೆ. ಕೆನ್ನೆಯ ಒಳಬದಿಯಲ್ಲಿ ಉಪ್ಪಿನ ಹರಳಿನಂಥ ಬಿಳಿ ಚುಕ್ಕೆಗಳಿದ್ದರೆ ಅನುಮಾನ ಬಲವಾಗುತ್ತದೆ.

ದದ್ದು ಏಳುವ ಇನ್ನೊಂದು ವೈರಸ್ ಸೋಂಕು ರುಬೆಲ್ಲಾ. ಅದರಲ್ಲಿ ಜ್ವರ ಸಣ್ಣದು, ಕಿವಿಯ ಹಿಂದೆ ಗಂಟು ಸಿಗುತ್ತದೆ, ಗರ್ಭಿಣಿಯರನ್ನು ದೂರವಿಡಿ. ಫಿಫ್ತ್ ಡಿಸೀಸ್ ಎಂಬ ದದ್ದಿನ ಸೋಂಕು ಹೆಚ್ಚಾಗಿ ಶಾಲೆ ಮಕ್ಕಳಿಗೆ. ಹೊಡೆದಂತೆ ಕೆನ್ನೆ ಕೆಂಪಾಗುತ್ತದೆ.

ಗಾಜಿನ ಲೋಟ ಒತ್ತಿದರೂ ದದ್ದು ಮಾಸದಿದ್ದರೆ ಅಥವಾ ಮಗು ಮಂಕಾದರೆ ಕೂಡಲೇ ಆಸ್ಪತ್ರೆಗೆ ಹೋಗಿ.