ನಾಗರಹಾವಿನ ವಿಷ ಹೇಳಿಕೆಯಲ್ಲಿದೆಯೇ?

ಪ್ರಶ್ನೆ: ಬ್ಯಾಂಕ್ ಪರೀಕ್ಷೆಗೆ ತಯಾರಿ ನಡೆಸುತ್ತಿದ್ದೇನೆ. ಅಭ್ಯಾಸ ಪತ್ರಿಕೆಯೊಂದರಲ್ಲಿ ಹೀಗಿತ್ತು: ‘ಎಲ್ಲ ನಾಗರಹಾವುಗಳೂ ಹಾವುಗಳು. ಕೆಲವು ಹಾವುಗಳು ವಿಷಕಾರಿ. ತೀರ್ಮಾನ: ಕೆಲವು ನಾಗರಹಾವುಗಳು ವಿಷಕಾರಿ.’ ನಾನು ‘ಅನುಸರಿಸುತ್ತದೆ’ ಎಂದು ಗುರುತು ಹಾಕಿದೆ. ಕೀ ಉತ್ತರದಲ್ಲಿ ‘ಅನುಸರಿಸುವುದಿಲ್ಲ’ ಎಂದಿದೆ. ನಾಗರಹಾವಿಗೆ ವಿಷವಿದೆ ಎಂದು ಮಕ್ಕಳಿಗೂ ಗೊತ್ತು. ಕೀ ಉತ್ತರವೇ ತಪ್ಪಲ್ಲವೇ? ಇಂಥ ಪ್ರಶ್ನೆಗಳಲ್ಲಿ ಪದೇ ಪದೇ ಎಡವುತ್ತಿದ್ದೇನೆ.
— ಓದುಗರು, ಹಾವೇರಿ

ಉತ್ತರ: ಕೀ ಉತ್ತರ ಸರಿಯಾಗಿಯೇ ಇದೆ. ನಂಬಿಕೆ ಬಾರದಿದ್ದರೆ ನಿಮ್ಮ ಪ್ರಶ್ನೆಯಲ್ಲಿ ‘ನಾಗರಹಾವು’ ಎಂದಿರುವ ಕಡೆಯಲ್ಲೆಲ್ಲ ‘ಕೇರೆಹಾವು’ ಎಂದು ಬರೆದು ನೋಡಿ. ಎಲ್ಲ ಕೇರೆಹಾವುಗಳೂ ಹಾವುಗಳು: ನಿಜ. ಕೆಲವು ಹಾವುಗಳು ವಿಷಕಾರಿ: ಅದೂ ನಿಜ. ಆದ್ದರಿಂದ ಕೆಲವು ಕೇರೆಹಾವುಗಳು ವಿಷಕಾರಿ: ಶುದ್ಧ ಸುಳ್ಳು, ಕೇರೆಗೆ ವಿಷವೇ ಇಲ್ಲ. ವಾದದ ಕಟ್ಟಡ ಒಂದಿಷ್ಟೂ ಬದಲಾಗಿಲ್ಲ, ಒಳಗೆ ವಾಸಿಸುವ ಹಾವು ಮಾತ್ರ ಬದಲಾಗಿದೆ. ಎರಡು ನಿಜವಾದ ಹೇಳಿಕೆಗಳಿಂದ ಸುಳ್ಳಿಗೆ ಕರೆದೊಯ್ಯಬಲ್ಲ ಕಟ್ಟಡ ನಂಬಲರ್ಹವಲ್ಲ. ಅಂಥ ವಾದವನ್ನು ತರ್ಕಶಾಸ್ತ್ರದಲ್ಲಿ ಅಸಿಂಧು ಎನ್ನುತ್ತೇವೆ. ನಾಗರಹಾವಿನ ವಿಷಯದಲ್ಲಿ ಅದು ನಿಮ್ಮನ್ನು ನಿಜಕ್ಕೇ ತಲುಪಿಸಿತು, ಆದರೆ ಆ ನಿಜ ನಿಮಗೆ ಮೊದಲೇ ಗೊತ್ತಿತ್ತು. ಹೇಳಿಕೆಗಳು ಅದನ್ನು ಕೊಟ್ಟಿರಲಿಲ್ಲ.

ಎಲ್ಲಿ ಜಾರಿದಿರಿ ಎಂಬುದನ್ನು ಪೆನ್ಸಿಲ್ ಹಿಡಿದು ನೋಡಿದರೆ ಸ್ಪಷ್ಟವಾಗುತ್ತದೆ. ಹಾವುಗಳೆಂಬ ದೊಡ್ಡ ವೃತ್ತ ಬರೆಯಿರಿ, ಅದರೊಳಗೆ ನಾಗರಹಾವುಗಳ ಸಣ್ಣ ವೃತ್ತ. ಮೊದಲ ಹೇಳಿಕೆ ಮುಗಿಯಿತು. ಈಗ ವಿಷಕಾರಿಗಳ ಮೂರನೆಯ ವೃತ್ತ. ಅದು ದೊಡ್ಡ ವೃತ್ತದೊಳಕ್ಕೆ ಎಲ್ಲಾದರೂ ಒಂದು ಕಡೆ ನುಗ್ಗಿರಬೇಕು ಎಂದಷ್ಟೇ ಎರಡನೆಯ ಹೇಳಿಕೆ ಹೇಳುತ್ತದೆ. ಎಲ್ಲಿ ಎಂದು ಹೇಳುವುದಿಲ್ಲ. ಸಣ್ಣ ವೃತ್ತವನ್ನು ಹಾಯ್ದು ಹೋಗುವಂತೆ ಬರೆದರೂ ಹೇಳಿಕೆಗೆ ಭಂಗವಿಲ್ಲ, ಸಣ್ಣ ವೃತ್ತವನ್ನು ಸೋಕದಂತೆ ಒಂದು ಮೂಲೆಯಲ್ಲಿ ಬರೆದರೂ ಭಂಗವಿಲ್ಲ. ನೀವು ಮೊದಲನೆಯ ಚಿತ್ರವನ್ನು ಮಾತ್ರ ಬರೆದುಕೊಂಡಿರಿ, ಏಕೆಂದರೆ ನಾಗರಹಾವಿನ ಬಗ್ಗೆ ನಿಮಗೆ ಗೊತ್ತಿರುವುದು ಪೆನ್ಸಿಲನ್ನು ಆ ಕಡೆಗೇ ಎಳೆಯಿತು. ಎರಡನೆಯ ಚಿತ್ರಕ್ಕೂ ಅವಕಾಶವಿದೆಯೇ ಎಂದು ಹುಡುಕುವ ಮೊದಲೇ ಕೈ ನಿಂತುಬಿಟ್ಟಿತು.

ಇದು ನಿಮ್ಮೊಬ್ಬರ ದೌರ್ಬಲ್ಯವಲ್ಲ. ತೀರ್ಮಾನ ನಂಬುವಂತಿದ್ದರೆ ವಾದವೂ ಗಟ್ಟಿಯಾಗಿದೆ ಎಂದು ಕಾಣುವುದಕ್ಕೆ ಮನೋವಿಜ್ಞಾನಿಗಳು ‘ನಂಬಿಕೆಯ ಪಕ್ಷಪಾತ’ ಎಂದು ಹೆಸರಿಟ್ಟು ಬಹುಕಾಲದಿಂದ ಅಳೆಯುತ್ತಿದ್ದಾರೆ. ಅಂಥ ಅಧ್ಯಯನಗಳಲ್ಲಿ ಹೆಚ್ಚು ಹೆಸರಾದದ್ದು ಜೊನಾಥನ್ ಎವಾನ್ಸ್, ಜೂಲಿ ಬಾರ್ಸ್ಟನ್ ಮತ್ತು ಪಾಲ್ ಪೊಲಾರ್ಡ್ ಇಂಗ್ಲೆಂಡಿನಲ್ಲಿ ನಡೆಸಿ 1983ರಲ್ಲಿ ಪ್ರಕಟಿಸಿದ ಪ್ರಯೋಗಗಳು. ಅವರು ಕೊಟ್ಟ ವಾದಗಳಲ್ಲೊಂದು ಹೀಗಿತ್ತು: ಚಟ ಹಿಡಿಸುವ ಯಾವ ವಸ್ತುವೂ ಅಗ್ಗವಲ್ಲ. ಕೆಲವು ಸಿಗರೇಟುಗಳು ಅಗ್ಗ. ಆದ್ದರಿಂದ ಚಟ ಹಿಡಿಸುವ ಕೆಲವು ವಸ್ತುಗಳು ಸಿಗರೇಟುಗಳಲ್ಲ.

ಮುಂದಕ್ಕೆ ಓದುವ ಮೊದಲು ನೀವೇ ತೀರ್ಪು ಕೊಡಿ. ತೀರ್ಮಾನವಂತೂ ನಿಜವೆನಿಸುತ್ತದೆ: ಹೆಂಡವಿದೆ, ಕಾಫಿಯಿದೆ, ಸಿಗರೇಟಲ್ಲದ ಚಟಗಳಿಗೇನು ಬರ. ಆದರೂ ಈ ವಾದ ಅಸಿಂಧು. ಹೇಗೆಂದು ತಿಳಿಯಲು ಒಂದು ಗೂಡಂಗಡಿಯನ್ನು ಕಲ್ಪಿಸಿಕೊಳ್ಳಿ. ಅಲ್ಲಿ ಹತ್ತು ಬಗೆಯ ಸಿಗರೇಟುಗಳಿವೆ. ಆರು ದುಬಾರಿ, ಅವು ಚಟ ಹಿಡಿಸುತ್ತವೆ. ನಾಲ್ಕು ಅಗ್ಗ, ಅವು ಚಟ ಹಿಡಿಸುವುದಿಲ್ಲ. ಆ ಲೋಕದಲ್ಲಿ ಚಟ ಹಿಡಿಸುವಂಥದ್ದು ಬೇರೇನೂ ಇಲ್ಲ, ಕಾಫಿ ಹೆಂಡಗಳೆಲ್ಲ ನಿರುಪದ್ರವಿ ಎಂದಿಟ್ಟುಕೊಳ್ಳಿ. ಚಟ ಹಿಡಿಸುವುದು ಯಾವುದೂ ಅಗ್ಗವಲ್ಲ ಎಂಬ ಹೇಳಿಕೆ ಅಲ್ಲಿ ನಿಜ. ಕೆಲವು ಸಿಗರೇಟು ಅಗ್ಗ ಎಂಬುದೂ ನಿಜ. ಆದರೆ ಚಟ ಹಿಡಿಸುವ ಎಲ್ಲವೂ ಸಿಗರೇಟುಗಳೇ ಆಗಿರುವುದರಿಂದ ತೀರ್ಮಾನ ಬಿದ್ದುಹೋಯಿತು. ಇಂಥ ಒಂದೇ ಒಂದು ಅಂಗಡಿ ಸಾಕು, ವಾದ ಕುಸಿಯುತ್ತದೆ. ಅದು ನಮ್ಮ ಬೀದಿಯಲ್ಲಿ ಇರಲೇಬೇಕೆಂದಿಲ್ಲ.

ಇನ್ನೊಂದು ಸ್ವಾರಸ್ಯವಿದೆ. ಅದೇ ಎರಡು ಹೇಳಿಕೆಗಳಿಂದ ನಿಜಕ್ಕೂ ಹೊರಡುವ ತೀರ್ಮಾನ ಬೇರೆಯದು: ‘ಕೆಲವು ಸಿಗರೇಟುಗಳು ಚಟ ಹಿಡಿಸುವುದಿಲ್ಲ.’ ಅಗ್ಗದ ಸಿಗರೇಟುಗಳಿವೆ ಎಂದಿರಿ, ಅಗ್ಗವಾದದ್ದು ಚಟ ಹಿಡಿಸಲಾರದು ಎಂದಿರಿ, ಅಲ್ಲಿಗೆ ಆ ಅಗ್ಗದ ಸಿಗರೇಟುಗಳು ಚಟದ ಪಟ್ಟಿಯಿಂದ ಹೊರಬಿದ್ದವು. ಎಷ್ಟು ಅಂಗಡಿಗಳನ್ನು ಕಲ್ಪಿಸಿಕೊಂಡರೂ ಇದನ್ನು ತಪ್ಪಿಸಲಾಗದು. ಓದಲು ಮಾತ್ರ ತಂಬಾಕು ಕಂಪನಿಯ ಜಾಹೀರಾತಿನಂತಿದೆ! ಒಪ್ಪಿಗೆಯಾಗುವ ತೀರ್ಮಾನ ಅಸಿಂಧು, ಒಪ್ಪಿಗೆಯಾಗದ ತೀರ್ಮಾನ ಸಿಂಧು. ಪ್ರಯೋಗಕಾರರು ಹುಡುಕುತ್ತಿದ್ದದ್ದು ಇಂಥ ಇಕ್ಕಟ್ಟನ್ನೇ.

ಸಿಕ್ಕ ಫಲಿತಾಂಶ ಗಮನಿಸಿ. ತೀರ್ಮಾನ ನಂಬುವಂತಿದ್ದು ವಾದವೂ ಸಿಂಧುವಾಗಿದ್ದಾಗ ಪ್ರಯೋಗದಲ್ಲಿ ಭಾಗವಹಿಸಿದವರು ನೂರಕ್ಕೆ 89ರಷ್ಟು ಬಾರಿ ಒಪ್ಪಿದರು. ವಾದ ಸಿಂಧುವಾಗಿದ್ದು ತೀರ್ಮಾನ ನಂಬಲಾಗದಂತಿದ್ದಾಗ ಒಪ್ಪಿಗೆ 56ಕ್ಕೆ ಇಳಿಯಿತು. ಅಸಿಂಧು ವಾದಗಳಲ್ಲಿ ಕಂದರ ಇನ್ನೂ ಆಳ: ತೀರ್ಮಾನ ನಂಬಲಾಗದಂತಿದ್ದರೆ ಒಪ್ಪಿದ್ದು ನೂರಕ್ಕೆ 10, ನಂಬುವಂತಿದ್ದರೆ 71. ತರ್ಕವನ್ನು ಮಾತ್ರ ನೋಡಿ ಎಂದು ಮೊದಲೇ ಸೂಚಿಸಿದ್ದರೂ ಹೀಗಾಯಿತು.

ನನ್ನ ಕಣ್ಣಿಗೆ ಇಲ್ಲಿ ಮುಖ್ಯವಾಗಿ ಕಾಣುವುದು ಆ 10 ಮತ್ತು 71ರ ಅಂತರ. ಒಪ್ಪಲಾಗದ ತೀರ್ಮಾನ ಎದುರಾದರೆ ನಾವೆಲ್ಲ ಒಳ್ಳೆಯ ತಾರ್ಕಿಕರೇ. ಎಲ್ಲಿ ಬಿರುಕಿದೆ ಎಂದು ತಡಕಾಡುತ್ತೇವೆ, ಬಿರುಕು ಇದ್ದರೆ ಹಿಡಿದೇಬಿಡುತ್ತೇವೆ. ಒಪ್ಪಿಗೆಯಾದ ತೀರ್ಮಾನಕ್ಕೆ ಮಾತ್ರ ತಪಾಸಣೆಯೇ ಇಲ್ಲ. ಪರಿಚಯದವರನ್ನು ಟಿಕೆಟ್ ನೋಡದೆ ಒಳಗೆ ಬಿಡುವ ಕಾವಲುಗಾರನ ಹಾಗೆ. ಇದೊಂದೇ ವಿವರಣೆಯೆಂದು ಎಲ್ಲ ಸಂಶೋಧಕರೂ ಒಪ್ಪುವುದಿಲ್ಲ. ಬುದ್ಧಿ ಬೇರೆ ಬಗೆಯಲ್ಲೇನೂ ಓಡುವುದಿಲ್ಲ, ನಂಬುವಂಥ ತೀರ್ಮಾನ ಕಂಡಾಗ ‘ಹೌದು’ ಎನ್ನುವ ಒಲವಷ್ಟೇ ಹೆಚ್ಚುತ್ತದೆ ಎಂದು ವಾದಿಸುವವರಿದ್ದಾರೆ. ಆದರೆ ತರಗತಿಯಲ್ಲಿ ನಾನು ಕಂಡದ್ದು ಮೊದಲ ವಿವರಣೆಗೇ ಹೆಚ್ಚು ಹೊಂದುತ್ತದೆ. ಅದರಲ್ಲಿ ನಾನೂ ಸೇರಿದ್ದೇನೆ. ಪಿಯುಸಿ ಮಕ್ಕಳಿಗೆ ತರ್ಕಶಾಸ್ತ್ರ ಹೇಳಿಕೊಡಲು ಆರಂಭಿಸಿದ ವರ್ಷ ಕರಿಹಲಗೆಯ ಮೇಲೆ ಬರೆದೆ: ಎಲ್ಲ ಉಪನ್ಯಾಸಕರೂ ಪದವೀಧರರು, ಕೆಲವು ಪದವೀಧರರು ಬಡವರು, ಆದ್ದರಿಂದ ಕೆಲವು ಉಪನ್ಯಾಸಕರು ಬಡವರು. ಆಗ ನಾನು ಅರೆಕಾಲಿಕ, ಸಂಬಳ ಬಂದು ಮೂರು ತಿಂಗಳಾಗಿತ್ತು. ಸಿಂಧು ಎಂದು ಧೈರ್ಯವಾಗಿ ಬರೆದು ಅಡಿಗೆರೆ ಎಳೆದೆ. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದುನಿಂತು, “ಸರ್, ‘ಬಡವರು’ ತೆಗೆದು ‘ನಿರುದ್ಯೋಗಿಗಳು’ ಅಂತ ಹಾಕಿದರೆ?” ಎಂದಳು. ಕೆಲವು ಪದವೀಧರರು ನಿರುದ್ಯೋಗಿಗಳು ಎಂಬುದು ನಿಜ. ಕೆಲಸದಲ್ಲಿರುವ ಉಪನ್ಯಾಸಕ ನಿರುದ್ಯೋಗಿಯಾಗುವುದು ಹೇಗೆ? ಅಡಿಗೆರೆ ಒರೆಸಬೇಕಾಯಿತು.

ಆ ಹುಡುಗಿ ಮಾಡಿದ್ದನ್ನೇ ನೀವು ಪರೀಕ್ಷೆಯಲ್ಲಿ ಮಾಡಬೇಕು. ರಚನೆಯನ್ನು ಹಾಗೇ ಇಟ್ಟು, ಹೇಳಿಕೆಗಳು ನಿಜವಾಗಿಯೂ ತೀರ್ಮಾನ ಎದ್ದುಕಾಣುವಂತೆ ಸುಳ್ಳಾಗಿಯೂ ಬರುವ ಪದಗಳನ್ನು ಹುಡುಕಿ. ಸಿಕ್ಕರೆ ವಾದ ಅಸಿಂಧು, ಮುಂದೆ ಯೋಚಿಸುವ ಅಗತ್ಯವಿಲ್ಲ. ಸಿಗದಿದ್ದರೆ ಮಾತ್ರ ಜೋಕೆ: ವಾದ ಸಿಂಧುವಾಗಿರುವುದರಿಂದ ಸಿಗಲಿಲ್ಲವೋ, ನಿಮಗೆ ಹೊಳೆಯಲಿಲ್ಲವೋ ಹೇಳಲಾಗದು. ಆಗ ವೃತ್ತಗಳಿಗೆ ಮರಳಿ. ಹೇಳಿಕೆಗಳನ್ನು ಮುರಿಯದೆ ತೀರ್ಮಾನವನ್ನು ಮುರಿಯುವ ಚಿತ್ರ ಬರೆಯಲು ಹಟ ಹಿಡಿದು ಪ್ರಯತ್ನಿಸಿ. ಪ್ರತಿ ದಾರಿಯಲ್ಲೂ ಹೇಳಿಕೆಯೇ ಅಡ್ಡಬಂದರೆ ‘ಅನುಸರಿಸುತ್ತದೆ’ ಎಂದು ಗುರುತು ಹಾಕಿ. ತೀರ್ಮಾನ ಸರಿ ಎಂದು ತೋರಿಸಲು ಚಿತ್ರ ಬರೆಯಬೇಡಿ. ಅಂಥ ಚಿತ್ರ ಅಸಿಂಧು ವಾದಕ್ಕೂ ಸಿಗುತ್ತದೆ, ನಿಮಗೆ ಸಿಕ್ಕಿತ್ತಲ್ಲ. ಇನ್ನು ‘ಕೆಲವು’ ಎಂದರೆ ತರ್ಕದಲ್ಲಿ ಕನಿಷ್ಠ ಒಂದು ಎಂದರ್ಥ. ‘ಎಲ್ಲವೂ ಅಲ್ಲ’ ಎಂಬ ದಿನಬಳಕೆಯ ಅರ್ಥವನ್ನು ಅಲ್ಲಿಗೆ ಒಯ್ಯಬೇಡಿ.

ಸಮಯದ ಒತ್ತಡವೂ ಇಲ್ಲಿ ಪಾತ್ರ ವಹಿಸುತ್ತದೆ. 2005ರಲ್ಲಿ ಎವಾನ್ಸ್ ಮತ್ತು ಜೋಡಿ ಕರ್ಟಿಸ್-ಹೋಮ್ಸ್ ಪ್ರತಿ ವಾದಕ್ಕೆ 10 ಸೆಕೆಂಡಷ್ಟೇ ಕೊಟ್ಟು ನೋಡಿದರು. ನಂಬಿಕೆಯ ಪಕ್ಷಪಾತ ಏರಿತು, ತರ್ಕದ ಸರಿಯುತ್ತರ ಇಳಿಯಿತು. ಹೀಗಾಗಿ ಕೊನೆಯ ಐದು ನಿಮಿಷಕ್ಕೆಂದು ಈ ಪ್ರಶ್ನೆಗಳನ್ನು ಉಳಿಸಿಕೊಳ್ಳುವುದು ಕೆಟ್ಟ ಲೆಕ್ಕಾಚಾರ.

ಹೇಳಿಕೆಗಳ ನಿಜಸುಳ್ಳು ಬಿಟ್ಟು ರಚನೆಯನ್ನಷ್ಟೇ ನೋಡಿ ಎಂದು ನಮ್ಮ ತರ್ಕಪರಂಪರೆ ಹೇಳುವುದಿಲ್ಲವಲ್ಲ ಎಂದು ಕೆಲವರು ಕೇಳುವುದುಂಟು. ನಿಜ. ನ್ಯಾಯದರ್ಶನದ ಅನುಮಾನದಲ್ಲಿ, ಅಂದರೆ ಕಂಡದ್ದರಿಂದ ಕಾಣದ್ದನ್ನು ತಿಳಿಯುವ ಕ್ರಮದಲ್ಲಿ, ‘ಎಲ್ಲಿ ಹೊಗೆಯೋ ಅಲ್ಲಿ ಬೆಂಕಿ, ಅಡುಗೆಮನೆಯಲ್ಲಿರುವಂತೆ’ ಎಂದು ಉದಾಹರಣೆಯೂ ವಾದದ ಒಂದು ಅಂಗ. ಅಲ್ಲಿ ಗುರಿ ಬೆಟ್ಟದ ಮೇಲೆ ಬೆಂಕಿ ಇದೆಯೇ ಎಂದು ತಿಳಿಯುವುದು, ಆದ್ದರಿಂದ ಸುಳ್ಳು ಹೇಳಿಕೆಯಿಂದ ಹೊರಟ ಅನುಮಾನಕ್ಕೆ ಬೆಲೆಯೇ ಇಲ್ಲ. ಬ್ಯಾಂಕ್ ಪರೀಕ್ಷೆಯವರು ಕೇಳುವುದು ಬೇರೆ. ಹೇಳಿಕೆಗಳು ಲೋಕರೂಢಿಗೆ ವಿರುದ್ಧವಾಗಿ ಕಂಡರೂ ನಿಜವೆಂದೇ ಭಾವಿಸಿ ಎಂಬ ಸೂಚನೆ ಇಂಥ ಪ್ರಶ್ನೆಗಳ ತಲೆಯ ಮೇಲೇ ಇರುತ್ತದೆ. ನಾವು ಅದನ್ನು ಹಾರಿಸಿ ಓದುತ್ತೇವೆ.

ಕೊನೆಗೆ ನಿಮ್ಮ ಪ್ರಶ್ನೆಯನ್ನೇ ತಿರುವಿ ಹಾಕಿದ ಒಂದು. ಎಲ್ಲ ಹಾವುಗಳೂ ವಿಷಕಾರಿ. ಎಲ್ಲ ಕೇರೆಹಾವುಗಳೂ ಹಾವುಗಳು. ಆದ್ದರಿಂದ ಎಲ್ಲ ಕೇರೆಹಾವುಗಳೂ ವಿಷಕಾರಿ. ತೀರ್ಮಾನ ಸುಳ್ಳು, ಆದರೂ ‘ಅನುಸರಿಸುತ್ತದೆ’ ಎಂದೇ ಗುರುತು ಹಾಕಬೇಕು: ಹಾವುಗಳ ವೃತ್ತ ಪೂರ್ತಿ ವಿಷದ ವೃತ್ತದೊಳಗೆ ಕೂತಿರುವಾಗ ಕೇರೆ ಹೊರಗೆ ನುಸುಳಲು ಜಾಗವೇ ಇಲ್ಲ. ಸಿಂಧುವಾದ ವಾದ ಸುಳ್ಳಿನಲ್ಲಿ ಮುಗಿದರೆ ಹೇಳಿಕೆಗಳಲ್ಲಿ ಒಂದಾದರೂ ಸುಳ್ಳಾಗಿರಲೇಬೇಕು. ಇಲ್ಲಿ ಅದು ಮೊದಲನೆಯದು. ಪರೀಕ್ಷೆ ಮುಗಿಸಿ ಹೊರಬಂದ ಮೇಲೆ ಅದರೊಂದಿಗೆ ಎಷ್ಟು ಬೇಕಾದರೂ ಜಗಳವಾಡಬಹುದು.